ಹೊಟ್ಟೆ ಬೆಳೆಸದೆ ಮೈ ತುಂಬಿಸಿಕೊಳ್ಳುವುದು: ಹೊಸಬರಿಗೆ ಎಷ್ಟು ಹೆಚ್ಚುವರಿ ಕ್ಯಾಲೊರಿ, ತಿಂಗಳಿಗೆ ಎಷ್ಟು ತೂಕ?

ಜಿಮ್‌ಗೆ ಸೇರಿದ ಮೊದಲ ವಾರದಲ್ಲೇ ಸಣಕಲು ಹುಡುಗರಿಗೆ ಸಿಗುವ ಸಲಹೆ "ಚೆನ್ನಾಗಿ ತಿನ್ನು" ಅನ್ನುವುದು. ಆರು ತಿಂಗಳಲ್ಲಿ ತೂಕ ಎಂಟು ಕೆಜಿ ಏರುತ್ತದೆ, ಪ್ಯಾಂಟಿನ ಗುಂಡಿ ಹಾಕಲು ಬರುವುದಿಲ್ಲ, ತೋಳು ಮಾತ್ರ ಇದ್ದ ಹಾಗೇ ಇರುತ್ತದೆ. ಇನ್ನು ಕೆಲವರು ಕೊಬ್ಬಿನ ಭಯಕ್ಕೆ ಲೆಕ್ಕ ಹಾಕಿ ಹಾಕಿ ತಿಂದು, ಆರು ತಿಂಗಳಾದರೂ ಅದೇ ತೂಕ ಹೊತ್ತುಕೊಂಡಿರುತ್ತಾರೆ. ಇಬ್ಬರ ನಡುವಿನ ಅಂತರ ದಿನಕ್ಕೆ ನಾನೂರೋ ಐನೂರೋ ಕ್ಯಾಲೊರಿ ಅಷ್ಟೆ. ಕೊಬ್ಬು ಆದಷ್ಟೂ ಕಡಿಮೆ ಇಟ್ಟು ಸ್ನಾಯು ಬೆಳೆಸುವ ಲೀನ್ ಬಲ್ಕ್‌ನ ಕಷ್ಟ ಇರುವುದು ಇಲ್ಲೇ. ತೂಕ ನಿಲ್ಲಲು ಬೇಕಾದ್ದಕ್ಕಿಂತ ನೀವು ಮೇಲೆ ತಿನ್ನಬೇಕಾದ ಕ್ಯಾಲೊರಿ, ಅಂದರೆ ಹೆಚ್ಚುವರಿ, ತೀರಾ ಸಣ್ಣದು. ಅಡುಗೆ ಎಣ್ಣೆಯ ಅಂದಾಜಿನಲ್ಲಿ ಆಗುವ ತಪ್ಪಿಗಿಂತಲೂ ಸಣ್ಣದು.

ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಕ್ಯಾಲೊರಿ ಸಂಖ್ಯೆ ಬರೀ ಶುರುವಾತಿಗೆ. ದಾರಿ ತೋರಿಸುವುದು ವಾರದ ಸರಾಸರಿ ತೂಕ ಮತ್ತು ಸೊಂಟದ ಟೇಪು.

ಉದ್ದಕ್ಕೂ ಒಬ್ಬನನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ವಯಸ್ಸು 24, ಎತ್ತರ 172 ಸೆಂ.ಮೀ., ತೂಕ 60 ಕೆಜಿ, ಹೊಕ್ಕುಳ ಮಟ್ಟದಲ್ಲಿ ಸೊಂಟ 79 ಸೆಂ.ಮೀ. ಕೂತು ಮಾಡುವ ಕೆಲಸ, ಮನೆ ಊಟ, ಮೊಟ್ಟೆ ತಿನ್ನುತ್ತಾನೆ, ವಾರಕ್ಕೆ ಮೂರು ದಿನ ಜಿಮ್.

ಮೊದಲು ಸೊಂಟ ನೋಡಿ

ಸೊಂಟದ ಅಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇದ್ದರೆ ಮಾತ್ರ ಹೆಚ್ಚುವರಿ ತಿನ್ನಲು ಹೊರಡಿ. ನಮ್ಮ ಹುಡುಗನಿಗೆ ಆ ಗಡಿ 86. ಅವನದು 79 ಇರುವುದರಿಂದ ಜಾಗ ಇದೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಭಾರತೀಯರಲ್ಲಿ ತೂಕ ಕಡಿಮೆ ಇದ್ದರೂ ಹೊಟ್ಟೆಯ ಸುತ್ತ ಕೊಬ್ಬು ಹೆಚ್ಚಿರುವ ಮೈಕಟ್ಟು ಸಾಮಾನ್ಯ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು ಇದನ್ನು ನವಜಾತ ಶಿಶುಗಳಲ್ಲೇ ಗುರುತಿಸಿ ಬರೆದಿದ್ದಾರೆ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ ಇರುವವರು 60 ಕೆಜಿ ಇದ್ದರೂ ಲೀನ್ ಬಲ್ಕ್ ಮಾಡಬಾರದು. ಅಂಥವರು ಈಗಿನಷ್ಟೇ ಕ್ಯಾಲೊರಿ ತಿಂದು, ಪ್ರೋಟೀನ್ ಹೆಚ್ಚಿಸಿ, ಮೂರು ನಾಲ್ಕು ತಿಂಗಳು ಭಾರ ಎತ್ತಲಿ. ಹೊಸಬರ ದೇಹ ಆ ಅವಧಿಯಲ್ಲಿ ಹೆಚ್ಚುವರಿ ಇಲ್ಲದೆಯೂ ಸ್ನಾಯು ಕಟ್ಟುತ್ತದೆ. ಮಧುಮೇಹ, ಮೂತ್ರಪಿಂಡದ ತೊಂದರೆ ಇರುವವರು ಪ್ರೋಟೀನ್ ಏರಿಸುವ ಮೊದಲು ವೈದ್ಯರನ್ನು ಕಾಣಬೇಕು.

ಹಂತ 1: ತೂಕ ನಿಲ್ಲುವ ಊಟ ಎಷ್ಟು, ಎರಡು ವಾರ ಅಳೆಯಿರಿ

ಮೇಂಟೆನೆನ್ಸ್ ಅಂದರೆ ತೂಕ ಏರದ, ಇಳಿಯದ ಊಟ. ಗಂಡಸರಿಗೆ ಬಳಕೆಯಲ್ಲಿರುವ ಸೂತ್ರ ಹೀಗಿದೆ: ತೂಕ × 10, ಎತ್ತರ × 6.25, ಎರಡನ್ನೂ ಕೂಡಿಸಿ, ವಯಸ್ಸು × 5 ಕಳೆದು, 5 ಸೇರಿಸಿ. ಹೆಂಗಸರಾದರೆ ಕೊನೆಯಲ್ಲಿ 5 ಸೇರಿಸುವ ಬದಲು 161 ಕಳೆಯಬೇಕು. ನಮ್ಮ ಹುಡುಗನಿಗೆ 600 + 1075 − 120 + 5, ಅಂದರೆ ಸುಮ್ಮನೆ ಮಲಗಿದ್ದರೂ ಖರ್ಚಾಗುವುದು 1560 ಕ್ಯಾಲೊರಿ. ಕೂತು ಕೆಲಸ ಮಾಡಿ ವಾರಕ್ಕೆ ಮೂರು ದಿನ ಜಿಮ್‌ಗೆ ಹೋಗುವವನಿಗೆ ಇದನ್ನು 1.4ರಿಂದ ಗುಣಿಸಿದರೆ ಸುಮಾರು 2180 ಕ್ಯಾಲೊರಿ. ಇದು ಊಹೆ ಮಾತ್ರ. ಗುಣಿಸುವ ಸಂಖ್ಯೆ 1.4ರ ಬದಲು 1.55 ಆಗಿದ್ದರೆ ಉತ್ತರ 2400 ದಾಟುತ್ತದೆ. ನಾವು ಸೇರಿಸಬೇಕೆಂದಿರುವ ಹೆಚ್ಚುವರಿಯಷ್ಟೂ ಆ ವ್ಯತ್ಯಾಸದಲ್ಲೇ ಮುಳುಗಿ ಹೋಯಿತು.

ಅದಕ್ಕೇ ಎರಡು ವಾರ ಏನೂ ಬದಲಿಸದೆ, ಈಗ ತಿನ್ನುತ್ತಿರುವುದನ್ನೇ ತೂಗಿ ಬರೆದಿಡಿ. ಒಂದು ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ಸಾಕು. ಬೆಳಿಗ್ಗೆ ಶೌಚ ಮುಗಿಸಿ, ನೀರು ಕುಡಿಯುವ ಮೊದಲು, ಒಂದೇ ಥರದ ಬಟ್ಟೆಯಲ್ಲಿ ತೂಕ ನೋಡಿ. ಒಂದು ವಾರದ ಅಂಕಿ ಹೀಗಿರಬಹುದು: 60.4, 60.1, 60.9, 60.3, 60.0, 60.6, 60.4. ಬುಧವಾರದ 60.9 ಕಂಡು ಹಿಗ್ಗುವುದೂ ಬೇಡ, ಶುಕ್ರವಾರದ 60.0 ಕಂಡು ಎರಡು ಚಪಾತಿ ಜಾಸ್ತಿ ತಿನ್ನುವುದೂ ಬೇಡ. ಉಪ್ಪು, ಮಲಬದ್ಧತೆ, ಹಿಂದಿನ ರಾತ್ರಿಯ ತಡವಾದ ಊಟ, ಇಷ್ಟರಿಂದಲೇ ಒಂದು ಕೆಜಿ ಆಚೀಚೆ ಆಗುತ್ತದೆ. ಲೆಕ್ಕಕ್ಕೆ ಹಿಡಿಯಬೇಕಾದ್ದು ವಾರದ ಸರಾಸರಿ ಮಾತ್ರ. ಇಲ್ಲಿ ಅದು 60.4.

ಎರಡೂ ವಾರದ ಸರಾಸರಿ ಹೆಚ್ಚುಕಡಿಮೆ ಒಂದೇ ಇದ್ದರೆ ನೀವು ಬರೆದ ಕ್ಯಾಲೊರಿಯೇ ನಿಮ್ಮ ಮೇಂಟೆನೆನ್ಸ್. ನಮ್ಮ ಹುಡುಗನಿಗೆ ಅದು 2150 ಬಂತು ಅಂದುಕೊಳ್ಳೋಣ.

ಬರೆಯುವಾಗ ಆಗುವ ಎರಡು ತಪ್ಪು

ಮೊದಲನೆಯದು ಅನ್ನ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 355 ಕ್ಯಾಲೊರಿ. ಅದೇ ಅಕ್ಕಿ ಬೆಂದಾಗ 280ರಿಂದ 300 ಗ್ರಾಂ ಅನ್ನವಾಗುತ್ತದೆ. ಅಂದರೆ 100 ಗ್ರಾಂ ಅನ್ನದಲ್ಲಿ ಇರುವುದು ಹೆಚ್ಚೆಂದರೆ 127. ತಟ್ಟೆಯಲ್ಲಿನ ಅನ್ನವನ್ನು ತೂಗಿ, ಆ್ಯಪ್‌ನಲ್ಲಿ ಅಕ್ಕಿ ಅಂತ ಹಾಕಿದರೆ ಒಂದೇ ಊಟಕ್ಕೆ ಐನೂರು ಕ್ಯಾಲೊರಿ ಸುಳ್ಳು ಲೆಕ್ಕ ಸೇರುತ್ತದೆ. "ಮೂರು ಸಾವಿರ ತಿಂತೀನಿ, ಆದ್ರೂ ತೂಕ ಬರಲ್ಲ" ಅನ್ನುವವರಲ್ಲಿ ಹಲವರ ಸಮಸ್ಯೆ ಇಷ್ಟೇ.

ಎರಡನೆಯದು ಎಣ್ಣೆ, ಮತ್ತು ಇದರ ತಪ್ಪು ಉಲ್ಟಾ ದಿಕ್ಕಿನದು. ಒಗ್ಗರಣೆ, ಪಲ್ಯ, ದೋಸೆ ಕಾವಲಿಯ ಎಣ್ಣೆಯನ್ನು ಯಾರೂ ಬರೆಯುವುದಿಲ್ಲ. ಅಮ್ಮ ಅಡುಗೆ ಮಾಡುವಾಗ ಪಕ್ಕದಲ್ಲಿ ತಕ್ಕಡಿ ಹಿಡಿದು ನಿಲ್ಲಲೂ ಆಗುವುದಿಲ್ಲ. ಸುಲಭದ ದಾರಿ ಡಬ್ಬಿ ಲೆಕ್ಕ. ನಾಲ್ಕು ಜನರ ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ಎಣ್ಣೆ ಖರ್ಚಾದರೆ ತಲೆಗೆ ಒಂದು ಲೀಟರ್, ದಿನಕ್ಕೆ ಸುಮಾರು 30 ಗ್ರಾಂ, ಅಂದರೆ 270 ಕ್ಯಾಲೊರಿ. ಆ 270ನ್ನು ಪ್ರತಿದಿನದ ಲೆಕ್ಕಕ್ಕೆ ಸೇರಿಸಿಬಿಡಿ. ತುಪ್ಪ ಬೇರೆ ಬರೆಯಿರಿ. ಅಂಕಿ ಅಷ್ಟು ಖಚಿತ ಇಲ್ಲದಿದ್ದರೂ ಪರವಾಗಿಲ್ಲ. ದಿನವೂ ಒಂದೇ ರೀತಿ ಬರೆಯುವುದು ಮುಖ್ಯ, ಏಕೆಂದರೆ ಮುಂದೆ ನಾವು ನೋಡುವುದು ವ್ಯತ್ಯಾಸವನ್ನು.

ಆಹಾರದ ಅಂಕಿಗಳಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರ ಸಂಯೋಜನಾ ಕೋಷ್ಟಕ ನಂಬಬಹುದಾದದ್ದು. ರಾಗಿ, ತೊಗರಿಬೇಳೆ, ಕಡಲೆಕಾಯಿ, ಎಲ್ಲದರ ಲೆಕ್ಕ ಅಲ್ಲಿದೆ.

ಹಂತ 2: ಹೆಚ್ಚುವರಿ ಎಷ್ಟು?

ಕೊಬ್ಬು ಬೇಡ ಅನ್ನುವ ಹೊಸಬನಿಗೆ ಮೇಂಟೆನೆನ್ಸ್‌ನ ಶೇ 10ರ ಆಸುಪಾಸು. ಹೆಚ್ಚಿನ ಗಂಡಸರಿಗೆ ಇದು ದಿನಕ್ಕೆ 200ರಿಂದ 300 ಕ್ಯಾಲೊರಿ, ಹೆಂಗಸರಿಗೆ 100ರಿಂದ 200. ನಮ್ಮ ಹುಡುಗ 250 ಸೇರಿಸಿ 2400ಕ್ಕೆ ನಿಲ್ಲುತ್ತಾನೆ.

ಐನೂರು ಸೇರಿಸಿದರೆ ಎರಡರಷ್ಟು ಸ್ನಾಯು ಬರುವುದಿಲ್ಲವೇ? ಬರುವುದಿಲ್ಲ. ಸ್ನಾಯು ಎಷ್ಟು ಬೇಗ ಬೆಳೆಯಬೇಕು ಅನ್ನುವುದನ್ನು ತೀರ್ಮಾನಿಸುವುದು ನೀವು ಎತ್ತುವ ಭಾರ, ನಿದ್ದೆ ಮತ್ತು ನಿಮ್ಮ ಮೈಯ ಗುಣ. ಊಟ ಅದಕ್ಕೆ ಸಾಮಗ್ರಿ ಒದಗಿಸುತ್ತದೆ. ಗಾರೆ ಕೆಲಸದವರು ಇಬ್ಬರೇ ಇರುವಾಗ ನಾಲ್ಕು ಲೋಡು ಇಟ್ಟಿಗೆ ತರಿಸಿದರೆ ಗೋಡೆ ಬೇಗ ಏಳುವುದಿಲ್ಲ, ಇಟ್ಟಿಗೆ ಅಂಗಳದಲ್ಲಿ ಬೀಳುತ್ತದೆ. ನಾರ್ವೆಯ ಕ್ರೀಡಾಪಟುಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಲಹೆಯಂತೆ ದಿನಕ್ಕೆ ಐನೂರಕ್ಕೂ ಹೆಚ್ಚು ಕ್ಯಾಲೊರಿ ಮಿಗಿಸಿ ತಿಂದ ಗುಂಪಿನ ಕೊಬ್ಬು ಶೇ 15ರಷ್ಟು ಏರಿತು. ತಮಗೆ ತೋಚಿದಂತೆ ತಿಂದವರದು ಶೇ 3. ಕೊಬ್ಬು ಬಿಟ್ಟ ತೂಕದಲ್ಲಿ ಎರಡೂ ಗುಂಪಿನ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅವರು ನುರಿತ ಕ್ರೀಡಾಪಟುಗಳು. ಹೊಸಬರ ಸ್ನಾಯು ಅವರಿಗಿಂತ ಬೇಗ ಬೆಳೆಯುವುದರಿಂದ ಶೇ 10 ಅನ್ನುವುದು ನಮಗೆ ಜಿಪುಣತನವೂ ಅಲ್ಲ, ಧಾರಾಳವೂ ಅಲ್ಲ.

ಹಂತ 3: ಆ 250ನ್ನು ತಟ್ಟೆಗೆ ತರುವುದು

300 ಮಿ.ಲೀ. ಟೋನ್ಡ್ ಹಾಲು ಮತ್ತು ಒಂದು ಮೊಟ್ಟೆ. ಹಾಲಿನಿಂದ ಸುಮಾರು 175 ಕ್ಯಾಲೊರಿ, ಮೊಟ್ಟೆಯಿಂದ 70 ಚಿಲ್ಲರೆ. ಮುಗಿಯಿತು, ಅಷ್ಟೇ ನಿಮ್ಮ ಲೀನ್ ಬಲ್ಕ್‌ನ ಹೆಚ್ಚುವರಿ. ಇದನ್ನು ಮೇಜಿನ ಮೇಲೆ ಇಟ್ಟು ಒಮ್ಮೆ ನೋಡಿದರೆ, ದಿನಾ ಬಾಳೆಹಣ್ಣು, ಪೀನಟ್ ಬಟರ್, ಓಟ್ಸ್ ಎಲ್ಲ ಹಾಕಿ ರುಬ್ಬಿದ ದೊಡ್ಡ ಲೋಟದ ಶೇಕ್ ಯಾಕೆ ಹೊಟ್ಟೆಯ ಕೊಬ್ಬಾಗುತ್ತದೆ ಅನ್ನುವುದು ಅರ್ಥವಾಗುತ್ತದೆ.

ಪ್ರೋಟೀನ್ ಲೆಕ್ಕ ಬೇರೆ. ತೂಕದ ಪ್ರತಿ ಕೆಜಿಗೆ ದಿನಕ್ಕೆ 1.6 ಗ್ರಾಂ ಗುರಿ ಇಟ್ಟುಕೊಳ್ಳಿ. ನಮ್ಮ ಹುಡುಗನಿಗೆ 96 ಗ್ರಾಂ. ಅನ್ನ, ಸಾರು, ಪಲ್ಯ, ಮೊಸರಿನ ಮನೆ ಊಟದಲ್ಲಿ ಅವನಿಗೆ ಈಗ ಸಿಗುತ್ತಿರುವುದು 60 ಅಂದುಕೊಳ್ಳೋಣ. ಹಾಲು, ಮೊಟ್ಟೆಯಿಂದ 15 ಸೇರಿ 75 ಆಯಿತು. ಉಳಿದ 21ನ್ನು ಇನ್ನಷ್ಟು ತಿಂದು ತುಂಬಿಸಿದರೆ ಕ್ಯಾಲೊರಿ ಮಿತಿ ಮೀರುತ್ತದೆ, ಹಾಗಾಗಿ ಅದಲುಬದಲು ಮಾಡಬೇಕು. ದಿನದ ಅಕ್ಕಿಯಲ್ಲಿ 50 ಗ್ರಾಂ ಕಡಿಮೆ ಮಾಡಿ, 50 ಗ್ರಾಂ ಒಣ ಸೋಯಾ ಚಂಕ್ಸ್ ನೆನೆಸಿ ಹಿಂಡಿ ಪಲ್ಯಕ್ಕೋ ಹುಳಿಗೋ ಹಾಕಿ. ಕ್ಯಾಲೊರಿ ಎರಡರಲ್ಲೂ 175ರ ಸುತ್ತಮುತ್ತ, ಸಮ ಆಯಿತು. ಪ್ರೋಟೀನ್ ಮಾತ್ರ 4 ಗ್ರಾಂ ಹೋಗಿ 26 ಗ್ರಾಂ ಬಂತು. ಒಟ್ಟು 97. ಸೋಯಾ ಅಭ್ಯಾಸವಿಲ್ಲದವರಿಗೆ ಗ್ಯಾಸ್ ಆಗುತ್ತದೆ, ಮೊದಲ ವಾರ 25 ಗ್ರಾಂ ಸಾಕು. ಬೇಡವಾದರೆ ಒಂದು ಸ್ಕೂಪ್ ವೇ ಪ್ರೋಟೀನ್ ಅದೇ ಕೆಲಸ ಮಾಡುತ್ತದೆ, ಖರ್ಚು ಜಾಸ್ತಿ.

ಬೇಳೆಯಿಂದಲೇ ಪ್ರೋಟೀನ್ ತುಂಬಿಸುತ್ತೇವೆ ಅನ್ನುವವರು ಒಂದು ವಿಷಯ ಗಮನಿಸಿ. 100 ಗ್ರಾಂ ತೊಗರಿಬೇಳೆಯಲ್ಲಿ 22 ಗ್ರಾಂ ಪ್ರೋಟೀನ್ ಇರುವುದು ನಿಜ. ಆದರೆ ಒಂದು ಬಟ್ಟಲು ತಿಳಿಸಾರಿನಲ್ಲಿ ಅಷ್ಟು ಬೇಳೆ ಎಲ್ಲಿರುತ್ತದೆ? ಹೆಚ್ಚೆಂದರೆ ಹದಿನೈದು ಇಪ್ಪತ್ತು ಗ್ರಾಂ.

ಹಂತ 4: ತಿಂಗಳಿಗೆ ಎಷ್ಟು ಏರಬೇಕು?

ಹೊಸಬನಿಗೆ ತಿಂಗಳಿಗೆ ದೇಹತೂಕದ ಶೇ 1ರಿಂದ 1.5. ಅರುವತ್ತು ಕೆಜಿಯವನಿಗೆ 600ರಿಂದ 900 ಗ್ರಾಂ. ಕೊಬ್ಬು ಆದಷ್ಟೂ ಕಡಿಮೆ ಬೇಕು ಅನ್ನುವವರು ಕೆಳ ತುದಿಗೆ ಹತ್ತಿರ ಇರಲಿ. ಹೆಂಗಸರಿಗೆ ಇದರ ಅರ್ಧದಿಂದ ಮುಕ್ಕಾಲು ಭಾಗ, 50 ಕೆಜಿಯವರಿಗೆ 300ರಿಂದ 500 ಗ್ರಾಂ. ಮುಟ್ಟಿನ ದಿನಗಳ ಆಸುಪಾಸು ನೀರು ನಿಂತು ತೂಕ ಏರುವುದರಿಂದ, ಅವರು ಈ ವಾರಕ್ಕೆ ಹಿಂದಿನ ವಾರವನ್ನು ಹೋಲಿಸದೆ, ಈ ಚಕ್ರದ ಅದೇ ವಾರಕ್ಕೆ ಹಿಂದಿನ ಚಕ್ರದ ಅದೇ ವಾರವನ್ನು ಹೋಲಿಸಬೇಕು.

ಲೆಕ್ಕ ಬಲ್ಲವರಿಗೆ ಇಲ್ಲಿ ಒಂದು ಅನುಮಾನ ಬರುತ್ತದೆ. ಒಂದು ಕೆಜಿ ಕೊಬ್ಬಿಗೆ ಸುಮಾರು 7700 ಕ್ಯಾಲೊರಿ. 250ನ್ನು 30 ದಿನಕ್ಕೆ ಗುಣಿಸಿದರೆ 7500. ಹಾಗಾದರೆ ತಿಂಗಳಿಗೆ ಒಂದು ಕೆಜಿ ಕೊಬ್ಬೇ ಬಂದಂತಲ್ಲವೇ? ಎಲ್ಲವೂ ಕೊಬ್ಬಾಗಿಯೇ ಕೂತರೆ ಹೌದು. ಆದರೆ ಭಾರ ಎತ್ತುವವನಲ್ಲಿ ಒಂದು ಭಾಗ ಸ್ನಾಯು ಕಟ್ಟುವ ಕೆಲಸಕ್ಕೆ ಖರ್ಚಾಗುತ್ತದೆ, ಒಂದು ಭಾಗ ಜೀರ್ಣಕ್ರಿಯೆಗೆ, ಇನ್ನೊಂದು ಭಾಗ ಗೊತ್ತಾಗದಂತೆ ಹೆಚ್ಚುವ ಓಡಾಟಕ್ಕೆ. ಸ್ನಾಯುವಿನ ಮುಕ್ಕಾಲು ಪಾಲು ನೀರು. ಅದರ ಒಂದು ಕೆಜಿಯಲ್ಲಿ ಕೂಡಿಟ್ಟಿರುವ ಶಕ್ತಿ ಕೊಬ್ಬಿನ ಕಾಲು ಭಾಗಕ್ಕಿಂತಲೂ ಕಡಿಮೆ. ಅದಕ್ಕೇ ಕ್ಯಾಲೊರಿ ಗುಣಾಕಾರದಿಂದ ತಿಂಗಳ ತೂಕ ಹೇಳಲು ಹೋಗಬೇಡಿ, ತಕ್ಕಡಿಯನ್ನು ಕೇಳಿ.

ಆದರೆ ಮೊದಲ ಎರಡು ವಾರದ ಏರಿಕೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ಊಟ ಹೆಚ್ಚಿದಾಗ ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಕೂಡಿಟ್ಟ ಸಕ್ಕರೆ ತುಂಬುತ್ತದೆ, ಅದರ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಬರುತ್ತದೆ, ಕರುಳಿನಲ್ಲೂ ಆಹಾರ ಜಾಸ್ತಿ ಇರುತ್ತದೆ. ಇಷ್ಟರಿಂದಲೇ ಒಂದು ಕೆಜಿ ಏರಬಹುದು. ಇದನ್ನು ಕಂಡು ಹೆದರಿ ಊಟ ಕಡಿಮೆ ಮಾಡಿದರೆ ಬಲ್ಕ್ ಶುರುವಾಗುವ ಮೊದಲೇ ಮುಗಿದಂತೆ. ಕ್ರಿಯೇಟಿನ್ ಎಂಬ ಪೂರಕ ಪುಡಿ ತೆಗೆದುಕೊಳ್ಳುವ ಯೋಚನೆ ಇದ್ದರೆ ದಿನಕ್ಕೆ 3ರಿಂದ 5 ಗ್ರಾಂ, ಇದೇ ಎರಡು ವಾರದಲ್ಲಿ ಶುರು ಮಾಡಿ. ಅದೂ ನೀರಿನ ತೂಕ ತರುತ್ತದೆ. ಮೂರನೇ ತಿಂಗಳಲ್ಲಿ ನಡುವೆ ತಂದರೆ ನಿಮ್ಮ ಲೆಕ್ಕವೆಲ್ಲ ಕಲಸಿಹೋಗುತ್ತದೆ.

ನಾಲ್ಕು ತಿಂಗಳು ಹೇಗೆ ಸಾಗುತ್ತದೆ

ನಮ್ಮ ಹುಡುಗ 60.4ರಿಂದ ಶುರು ಮಾಡಿದ. ಎರಡನೇ ವಾರದ ಕೊನೆಗೆ ಸರಾಸರಿ 60.9. ಈ 60.9 ಅವನ ನಿಜವಾದ ಆರಂಭ ಬಿಂದು, ಅದನ್ನು ಗೋಡೆಗೆ ಬರೆದಿಡಲಿ. ಆರನೇ ವಾರಕ್ಕೆ 61.6. ನಾಲ್ಕು ವಾರದಲ್ಲಿ 700 ಗ್ರಾಂ, ಗುರಿಯೊಳಗೆ ಇದೆ. ಏನೂ ಬದಲಿಸುವಂತಿಲ್ಲ.

ಏಳನೇ ವಾರ 61.7, ಎಂಟು 61.8, ಒಂಬತ್ತು 61.8, ಹತ್ತು 61.9. ಇಲ್ಲಿ ತೂಕ ನಿಂತಂತಾಯಿತು. ಹೆಚ್ಚಿನವರು ಇಲ್ಲೇ ಎಡವುತ್ತಾರೆ. ಒಂದು ವಾರ ಏರದಿದ್ದರೆ ಅದು ನೀರಿನ ಆಟ ಇರಬಹುದು, ಎರಡು ವಾರ ಏರದಿದ್ದರೆ ಕಾರಣ ಹುಡುಕಬೇಕು. ಅವನು ಬರೆದ ಕ್ಯಾಲೊರಿ ಸರಿಯಾಗಿಯೇ ಇತ್ತು. ಫೋನಿನಲ್ಲಿ ಹೆಜ್ಜೆ ಲೆಕ್ಕ ತೆಗೆದು ನೋಡಿದರೆ, ಮೊದಲು ದಿನಕ್ಕೆ 5000 ಇದ್ದದ್ದು ಈಗ 7500 ಆಗಿದೆ. ಹೆಚ್ಚು ತಿಂದಾಗ ಕೆಲವರ ದೇಹ ತಾನಾಗಿ ಹೆಚ್ಚು ಅಲುಗಾಡುತ್ತದೆ. ಅಮೆರಿಕದ ಮೇಯೋ ಕ್ಲಿನಿಕ್‌ನ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 16 ಜನಕ್ಕೆ ಎಂಟು ವಾರ ದಿನಕ್ಕೆ 1000 ಕ್ಯಾಲೊರಿ ಹೆಚ್ಚು ತಿನ್ನಿಸಿದರು. ಒಬ್ಬನಿಗೆ ಬಂದ ಕೊಬ್ಬು ಅರ್ಧ ಕೆಜಿಗೂ ಕಡಿಮೆ, ಇನ್ನೊಬ್ಬನಿಗೆ ನಾಲ್ಕು ಕೆಜಿ ದಾಟಿತು. ವ್ಯತ್ಯಾಸದ ದೊಡ್ಡ ಪಾಲು ಈ ಅರಿವಿಲ್ಲದ ಓಡಾಟದ್ದು. ಗೆಳೆಯನಿಗೆ ಸರಿಹೋದ ಸಂಖ್ಯೆ ನಿಮಗೆ ಸರಿಹೋಗದಿರುವುದಕ್ಕೂ ಕಾರಣ ಇದೇ.

ಪರಿಹಾರ ಸಣ್ಣದು: ದಿನಕ್ಕೆ 100ರಿಂದ 150 ಕ್ಯಾಲೊರಿ ಸೇರಿಸಿ, ಮತ್ತೆ ಎರಡು ವಾರ ಕಾಯಿರಿ. ಅವನು 25 ಗ್ರಾಂ ಹುರಿದ ಕಡಲೆಕಾಯಿ ಸೇರಿಸಿದ, ಸುಮಾರು 130 ಕ್ಯಾಲೊರಿ. ಹದಿನಾಲ್ಕನೇ ವಾರಕ್ಕೆ 62.6, ಹದಿನೆಂಟಕ್ಕೆ 63.3. ಆರಂಭ ಬಿಂದುವಿನಿಂದ ಲೆಕ್ಕ ಹಾಕಿದರೆ 16 ವಾರದಲ್ಲಿ 2.4 ಕೆಜಿ, ನಾಲ್ಕು ವಾರಕ್ಕೆ 600 ಗ್ರಾಂ. ಸೊಂಟ 79ರಿಂದ 80.5.

ತೂಕ ಅತಿಯಾಗಿ ಏರಿದರೂ ಇದೇ ಕ್ರಮ. ಆರಂಭದ ಎರಡು ವಾರ ಬಿಟ್ಟು ಯಾವ ತಿಂಗಳಲ್ಲಾದರೂ ಶೇ 2 ದಾಟಿದರೆ 100ರಿಂದ 150 ಇಳಿಸಿ. ಒಮ್ಮೆಗೇ ಎಲ್ಲ ನಿಲ್ಲಿಸಬೇಡಿ.

ಬಂದದ್ದು ಸ್ನಾಯುವೋ ಕೊಬ್ಬೋ?

ಜಿಮ್‌ನಲ್ಲಿ ನಿಲ್ಲಿಸಿ ಶೇಕಡಾವಾರು ಕೊಬ್ಬು ತೋರಿಸುವ ಯಂತ್ರವನ್ನು ಇದಕ್ಕೆ ನಂಬಬೇಡಿ. ಒಂದು ಚೊಂಬು ನೀರು ಕುಡಿದರೂ ಅದರ ಉತ್ತರ ಬದಲಾಗುತ್ತದೆ, ಇನ್ನು ತಿಂಗಳಿಗೆ ಕಾಲು ಕೆಜಿ ಕೊಬ್ಬನ್ನು ಅದು ಹೇಗೆ ಹಿಡಿದೀತು? ಟೇಪು ಮತ್ತು ಜಿಮ್‌ನಲ್ಲಿ ಎತ್ತಿದ ಭಾರ ಬರೆದಿಡುವ ಡೈರಿ ಎರಡನ್ನೂ ಜೊತೆಯಾಗಿ ಓದಿ.

ಸೊಂಟವನ್ನು ಎರಡು ವಾರಕ್ಕೊಮ್ಮೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಹೊಕ್ಕುಳ ಮಟ್ಟದಲ್ಲಿ, ಸಹಜವಾಗಿ ಉಸಿರು ಬಿಟ್ಟ ಮೇಲೆ ಅಳೆಯಿರಿ. ಹೊಟ್ಟೆ ಒಳಗೆಳೆದುಕೊಂಡರೆ ಮೋಸ ಹೋಗುವವರು ನೀವೇ. ಮೂರು ಸಲ ಅಳೆದು ನಡುವಿನದನ್ನು ಬರೆಯಿರಿ. ತೂಕ ಒಂದು ಕೆಜಿ ಏರಿದಾಗ ಸೊಂಟ ಒಂದು ಸೆಂ.ಮೀ.ಗಿಂತ ಕಡಿಮೆ ಏರುತ್ತಿದ್ದರೆ ಸರಿಯಾದ ದಾರಿ ಅನ್ನುವುದು ನಾವು ಇಟ್ಟುಕೊಳ್ಳುವ ಅಳತೆಗೋಲು. ನಮ್ಮ ಹುಡುಗನದು 2.4 ಕೆಜಿಗೆ 1.5 ಸೆಂ.ಮೀ. ಸ್ವಲ್ಪ ಕೊಬ್ಬು ಬಂದಿದೆ, ಬಂದೇ ಬರುತ್ತದೆ. ಒಂದಿಷ್ಟೂ ಕೊಬ್ಬಿಲ್ಲದೆ ಆಗಬೇಕು ಅನ್ನುವವರ ತೂಕ ಏರುವುದೇ ಇಲ್ಲ.

ಡೈರಿಯಲ್ಲಿ ನೋಡಬೇಕಾದ್ದು ಭಾರ. ಮೊದಲ ನಾಲ್ಕು ತಿಂಗಳಲ್ಲಿ ಸ್ಕ್ವಾಟ್, ಬೆಂಚ್ ಪ್ರೆಸ್, ರೋ ಎಲ್ಲದರಲ್ಲೂ ಹೆಚ್ಚುಕಡಿಮೆ ಪ್ರತಿ ವಾರ ಒಂದು ರೆಪ್, ಅಂದರೆ ಒಂದು ಸಲ ಎತ್ತಿ ಇಳಿಸುವುದು, ಅಥವಾ ಎರಡೂವರೆ ಕೆಜಿ ಹೆಚ್ಚಬೇಕು. ತೂಕ ಏರುತ್ತಿದೆ, ಭಾರ ಮೂರು ವಾರದಿಂದ ನಿಂತಿದೆ ಅಂದರೆ ಹೆಚ್ಚುವರಿ ಹೊಟ್ಟೆಗೆ ಹೋಗುತ್ತಿದೆ. ಆಗ ಇನ್ನಷ್ಟು ತಿನ್ನುವುದು ಮದ್ದಲ್ಲ. ನಿದ್ದೆ ಆರು ಗಂಟೆಗಿಂತ ಕಡಿಮೆಯೇ, ಸೆಟ್‌ಗಳನ್ನು, ಅಂದರೆ ಬಿಡುವಿಲ್ಲದೆ ಮಾಡುವ ರೆಪ್‌ಗಳ ಸುತ್ತುಗಳನ್ನು, ಇನ್ನೂ ಐದಾರು ರೆಪ್ ಎತ್ತುವ ಶಕ್ತಿ ಇರುವಾಗಲೇ ಬಿಡುತ್ತಿದ್ದೀರಾ, ಪ್ರತಿ ಸ್ನಾಯುವಿಗೆ ವಾರಕ್ಕೆ ಹತ್ತು ಸೆಟ್ ಆದರೂ ಆಗುತ್ತಿದೆಯೇ, ಇವನ್ನು ನೋಡಿ.

ಮದುವೆ, ಹಬ್ಬದ ಊಟದ ಬಗ್ಗೆ ಎರಡು ಮಾತು. ಒಂದು ದಿನ 1000 ಕ್ಯಾಲೊರಿ ಹೆಚ್ಚಾದರೆ ಅದು ನಾಲ್ಕು ದಿನದ ಹೆಚ್ಚುವರಿ. ತಿಂಗಳಿಗೆ ಒಂದಾದರೆ ಏನೂ ಮಾಡಬೇಕಿಲ್ಲ, ಮಾರನೇ ದಿನ ಉಪವಾಸ ಇರಬೇಡಿ. ಆದರೆ ಪ್ರತಿ ಶನಿವಾರ, ಭಾನುವಾರ ಹೊರಗಿನ ಬಿರಿಯಾನಿ ಆದರೆ ವಾರದ ದಿನಗಳಲ್ಲಿ ನೀವು ತೂಗಿ ತಿಂದದ್ದಕ್ಕೆ ಬೆಲೆ ಉಳಿಯುವುದಿಲ್ಲ. ಅಂಥವರು ವಾರದ ದಿನಗಳಲ್ಲಿ ಹೆಚ್ಚುವರಿ ಬಿಟ್ಟು ಮೇಂಟೆನೆನ್ಸ್‌ನಲ್ಲೇ ಇರುವುದು ಒಳ್ಳೆಯದು.

ಯಾವಾಗ ನಿಲ್ಲಿಸಬೇಕು

ಆರಂಭದಿಂದ ಸೊಂಟ ನಾಲ್ಕು ಸೆಂ.ಮೀ. ಏರಿದರೆ ಅಥವಾ ಎತ್ತರದ ಅರ್ಧಕ್ಕೆ ಮುಟ್ಟುತ್ತಾ ಬಂದರೆ ಅಲ್ಲಿಗೆ ನಿಲ್ಲಿಸಿ. ಎರಡೂ ಆಗದಿದ್ದರೆ ಮುಂದುವರಿಸಬಹುದು. ನಮ್ಮ ಹುಡುಗನಿಗೆ ಇನ್ನೂ ಜಾಗ ಇದೆ. ಆದರೂ ಹದಿನೆಂಟನೇ ವಾರದ ನಂತರ ಅವನು ಕಡಲೆಕಾಯಿ ಮತ್ತು ಹಾಲು ಬಿಟ್ಟು, ಮೊಟ್ಟೆ ಮತ್ತು ಸೋಯಾ ಉಳಿಸಿಕೊಂಡು, ಎರಡು ವಾರ ಸರಾಸರಿ ನೋಡಬೇಕು. ತೂಕ ಹೆಚ್ಚಿದೆ, ಓಡಾಟ ಹೆಚ್ಚಿದೆ, ಹಾಗಾಗಿ 2150 ಈಗ ಅವನ ಮೇಂಟೆನೆನ್ಸ್ ಆಗಿ ಉಳಿದಿರುವುದಿಲ್ಲ. ಆ ಎರಡು ವಾರದಲ್ಲಿ ತೂಕ ಇಳಿಯತೊಡಗಿದರೆ ತೂಕ ನಿಲ್ಲುವವರೆಗೆ ಹಾಲನ್ನು ನೂರು ಮಿ.ಲೀ. ಲೆಕ್ಕದಲ್ಲಿ ಮತ್ತೆ ಸೇರಿಸುತ್ತಾ ಹೋಗಲಿ. ನಿಂತ ಸಂಖ್ಯೆಯ ಮೇಲೆ ಹೊಸ ಶೇ 10 ಇಟ್ಟು ಮುಂದಿನ ಸುತ್ತು ಶುರು ಮಾಡಲಿ.